ರಜೆ ಸಿಗದ ದಿನ ಪ್ಯಾನೆಲ್ ಸಂದರ್ಶನ: ಉತ್ತರ ಕೊಡುವ ಬಗೆ

ಪ್ಯಾನೆಲ್ ಸಂದರ್ಶನ ಎಂದರೆ ಮೂರರಿಂದ ಐದು ಮಂದಿ ಒಟ್ಟಿಗೆ ಕುಳಿತು ಒಬ್ಬ ಅಭ್ಯರ್ಥಿಯನ್ನು ಪ್ರಶ್ನಿಸುವ ಸುತ್ತು. ಮುಂದೆ ಮೇಲಧಿಕಾರಿಯಾಗಲಿರುವವರು, ಅದೇ ಕೆಲಸ ಬಲ್ಲ ಒಬ್ಬಿಬ್ಬರು ಹಿರಿಯರು, ಎಚ್‌ಆರ್ ವಿಭಾಗದ ಒಬ್ಬರು ಸಾಮಾನ್ಯವಾಗಿ ಅದರಲ್ಲಿರುತ್ತಾರೆ. ಇಷ್ಟು ಜನರ ಬಿಡುವು ಒಂದೇ ಗಂಟೆಗೆ ಕೂಡಿಬರುವುದು ಅಪರೂಪ. ಎಲ್ಲರ ಕ್ಯಾಲೆಂಡರಿನಲ್ಲೂ ಒಂದು ಜಾಗ ಖಾಲಿ ಕಂಡ ಕೂಡಲೇ ರಿಕ್ರೂಟರ್ ಫೋನ್ ಮಾಡಿ, ನಾಡಿದ್ದೇ ಬರಬೇಕು ಎನ್ನುವುದು ಇದೇ ಕಾರಣಕ್ಕೆ.

ಆ ದಿನವನ್ನು ಗೊತ್ತುಮಾಡಿದವರು ರಿಕ್ರೂಟರ್ ಅಲ್ಲ, ಅದನ್ನು ಬದಲಿಸುವ ಅಧಿಕಾರವೂ ಅವರ ಕೈಯಲ್ಲಿರುವುದಿಲ್ಲ. ಅವರು ಎರಡು ಕಡೆಯವರ ನಡುವೆ ಓಡಾಡುವವರು. ಅಭ್ಯರ್ಥಿ ಬರೀ "ಆಗುವುದಿಲ್ಲ" ಎಂದರೆ ಅವರು ಪ್ಯಾನೆಲ್ ಮುಂದೆ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ಆಗುವ ಸಮಯಗಳನ್ನು ಬರೆದು ಕೊಟ್ಟರೆ ಅದೇ ಮೇಲ್ ಅನ್ನು ಮುಂದಕ್ಕೆ ಕಳಿಸಿ ಕೇಳಬಹುದು. ಉತ್ತರದ ರೂಪವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗದಲ್ಲಿ ಒಬ್ಬ ಮಹಿಳೆ ಕೆಲಸ ಮಾಡುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. 18ನೇ ತಾರೀಕು ಮಂಗಳವಾರ ಸಂಜೆ ವೈಟ್‌ಫೀಲ್ಡ್‌ನ ಕಂಪನಿಯೊಂದರ ಪರವಾಗಿ ಫೋನ್ ಬರುತ್ತದೆ: 20ರ ಗುರುವಾರ ಬೆಳಿಗ್ಗೆ 11ಕ್ಕೆ ಪ್ಯಾನೆಲ್, ಖುದ್ದಾಗಿ ಬರಬೇಕು. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಸಂಸ್ಥೆಗಳಿಗೆ ಜಿಎಸ್‌ಟಿಆರ್-3ಬಿಯ ಕಡೆಯ ದಿನ 20. ತಡವಾದರೆ ಶುಲ್ಕ ಬೀಳುತ್ತದೆ, ಬಾಕಿ ತೆರಿಗೆಗೆ ವರ್ಷಕ್ಕೆ ಶೇ 18ರ ಬಡ್ಡಿಯೂ ಸೇರುತ್ತದೆ. ಆ ದಿನ ಅಕೌಂಟ್ಸ್‌ನವರು ರಜೆ ಕೇಳುವ ಪ್ರಶ್ನೆಯೇ ಇಲ್ಲ. ಪೀಣ್ಯದಿಂದ ವೈಟ್‌ಫೀಲ್ಡ್ ಎಂದರೆ ಊರಿನ ಈ ತುದಿಯಿಂದ ಆ ತುದಿ. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿ, ಇಳಿದ ಮೇಲೆ ಆಟೊ ಹಿಡಿದು ಹೋಗಬೇಕು. ಒಂದು ಗಂಟೆಯ ಸಂದರ್ಶನಕ್ಕೆ ಅರ್ಧ ದಿನ ಸಾಲದು.

ಇಂಥ ಕರೆಯಲ್ಲಿ ಹೆಚ್ಚಿನವರು ಎಡವುವುದು ಫೋನಿನಲ್ಲೇ. ಅವಕಾಶ ಕೈತಪ್ಪೀತೆಂಬ ಭಯದಲ್ಲಿ "ಸರಿ, ಟ್ರೈ ಮಾಡ್ತೀನಿ" ಎಂಬ ಮಾತು ಬಾಯಿಂದ ಬಂದುಬಿಡುತ್ತದೆ. ರಿಕ್ರೂಟರ್ ಅದನ್ನು ಒಪ್ಪಿಗೆ ಎಂದೇ ಬರೆದುಕೊಳ್ಳುತ್ತಾರೆ, ಪ್ಯಾನೆಲ್‌ನವರು ತಮ್ಮ ಬೇರೆ ಮೀಟಿಂಗುಗಳನ್ನು ಸರಿಸುತ್ತಾರೆ. ಆಮೇಲೆ ಹಿಂದಿನ ರಾತ್ರಿ ಬರಲಾಗದು ಎಂದರೆ ನಾಲ್ವರ ಸಮಯ ಹಾಳು. ಮೊದಲೇ ಬೇರೆ ದಿನ ಕೇಳಿದವರ ಬಗ್ಗೆ ಯಾರೂ ಕೆಟ್ಟದಾಗಿ ಎಣಿಸುವುದಿಲ್ಲ. ಒಪ್ಪಿ ಕೈಕೊಟ್ಟವರನ್ನು ಮಾತ್ರ ಮರೆಯುವುದಿಲ್ಲ.

ಫೋನಿನಲ್ಲಿ ಹೇಳಬೇಕಾದದ್ದು ಇಷ್ಟೇ: "ಸರ್, 20ಕ್ಕೆ ಆಫೀಸಲ್ಲಿ ರಜೆ ಸಿಗಲ್ಲ. ನನಗೆ ಆಗೋ ಸಮಯ ಇನ್ನೊಂದು ಗಂಟೆಯಲ್ಲಿ ಮೇಲ್ ಮಾಡ್ತೀನಿ. ಈ ದಿನ ಫಿಕ್ಸ್ ಆಗಿದೆಯಾ, ಇಲ್ಲಾ ಬದಲಾಗಬಹುದಾ?" ಈ ಕೊನೆಯ ಪ್ರಶ್ನೆಯನ್ನು ಬಿಡಬಾರದು. ಎಷ್ಟೋ ಸಲ "ಬರಲೇಬೇಕು" ಎಂಬುದು ಬರೀ ಒಂದು ಪ್ರಸ್ತಾವವಾಗಿರುತ್ತದೆ. ಪ್ಯಾನೆಲ್‌ನ ಒಬ್ಬರು ಶುಕ್ರವಾರ ಊರಿಗೆ ಹೊರಟಿದ್ದಾರೆ ಎಂಬಂಥ ಕಾರಣವೂ ಇರಬಹುದು. ಕಾರಣ ಗೊತ್ತಾದರೆ ಯಾವ ಸಮಯ ಕೊಟ್ಟರೆ ಪ್ರಯೋಜನ ಎಂಬುದೂ ಗೊತ್ತಾಗುತ್ತದೆ. ಸಂದರ್ಶನ ಎಷ್ಟು ಹೊತ್ತು, ವಿಡಿಯೊದಲ್ಲಿ ಆಗಬಹುದೇ ಎಂಬುದನ್ನೂ ಅಲ್ಲೇ ಕೇಳಿಕೊಳ್ಳಬೇಕು.

ಆ ಒಂದು ಗಂಟೆಯಲ್ಲಿ ಅಭ್ಯರ್ಥಿ ತನ್ನ ವಾರವನ್ನು ಪ್ರಾಮಾಣಿಕವಾಗಿ ಅಳೆಯಬೇಕು. ಇಡೀ ದಿನದ ರಜೆ ಸಿಗದಿದ್ದರೂ ಬೆಳಿಗ್ಗೆ ಒಂದು ಗಂಟೆ ಪರ್ಮಿಷನ್, ಮಧ್ಯಾಹ್ನದ ಮೇಲೆ ಅರ್ಧ ದಿನ, ರಾತ್ರಿ ಮನೆ ಸೇರಿದ ಮೇಲಿನ ಹೊತ್ತು, ಇವು ಸಿಕ್ಕಾವು. ಉದಾಹರಣೆಯ ಮಹಿಳೆಗೆ ರಿಟರ್ನ್ ಸಲ್ಲಿಸಿದ ಮರುದಿನ ಅರ್ಧ ದಿನ ಕೇಳುವುದು ಸುಲಭ. ಭಾನುವಾರವನ್ನೂ ಸೇರಿಸಬಹುದು ಅನ್ನಿಸೀತು. ಆದರೆ ನಾಲ್ಕೈದು ಮಂದಿ ವಾರದ ರಜೆ ಬಿಟ್ಟು ಬರುವುದು ಕಡಿಮೆ, ಅದನ್ನೇ ನೆಚ್ಚಿಕೊಳ್ಳಬಾರದು.

ಆಮೇಲೆ ಮೇಲ್. ರೂಢಿಯಂತೆ ಇಂಗ್ಲಿಷಿನಲ್ಲಿ ಬರೆದರೂ ಸಾರ ಹೀಗಿರಬೇಕು:

"ನಮಸ್ಕಾರ. ಪ್ಯಾನೆಲ್ ಸುತ್ತಿಗೆ ಕರೆದದ್ದಕ್ಕೆ ಧನ್ಯವಾದ, ಈ ಹುದ್ದೆಯಲ್ಲಿ ನನಗೆ ಆಸಕ್ತಿಯಿದೆ. 20ರ ಗುರುವಾರ ತಿಂಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಜವಾಬ್ದಾರಿ ಇರುವುದರಿಂದ ರಜೆ ಪಡೆಯಲಾಗುತ್ತಿಲ್ಲ. 19ರ ಬುಧವಾರ ರಾತ್ರಿ 7.30ರಿಂದ 9ರವರೆಗೆ ವಿಡಿಯೊದಲ್ಲಿ ಸಿಗಬಲ್ಲೆ. 21ರ ಶುಕ್ರವಾರ ಮಧ್ಯಾಹ್ನ 3.30ರ ನಂತರ ನಿಮ್ಮ ಕಚೇರಿಗೇ ಬರಬಲ್ಲೆ. 24ರ ಸೋಮವಾರ ಬೆಳಿಗ್ಗೆ 8ರಿಂದ 9ರವರೆಗೆ ವಿಡಿಯೊದಲ್ಲಿ ಆಗುತ್ತದೆ. ಇವುಗಳಲ್ಲಿ ಯಾವುದು ಪ್ಯಾನೆಲ್‌ಗೆ ಅನುಕೂಲ ಎಂದು ನಾಳೆ ಮಧ್ಯಾಹ್ನದೊಳಗೆ ತಿಳಿಸಿದರೆ ಆಫೀಸಿನಲ್ಲಿ ಹೊಂದಿಸಿಕೊಳ್ಳುತ್ತೇನೆ."

ಈ ಮೇಲ್‌ನಲ್ಲಿ ಕ್ಷಮೆಯ ಸಾಲುಗಳಿಲ್ಲ, ಕಾರಣ ಒಂದೇ ವಾಕ್ಯದಲ್ಲಿ ಮುಗಿದಿದೆ. ಆ ಕಾರಣ ಕೆಲಸಕ್ಕೆ ಸಂಬಂಧಿಸಿದ್ದು. ಕಡೆಯ ದಿನದಂದು ಜವಾಬ್ದಾರಿ ಬಿಟ್ಟು ಬರದವರನ್ನು ಅಕೌಂಟ್ಸ್ ಹುದ್ದೆಗೆ ಆರಿಸುವವರು ಮೆಚ್ಚುವ ಸಂಭವವೇ ಹೆಚ್ಚು. ಹಾಗೆಂದು ಈಗಿನ ಸಂಸ್ಥೆಯ ಒಳವಿಷಯ, ಸಿಬ್ಬಂದಿ ಕೊರತೆ, ಬಾಸ್ ಸ್ವಭಾವ ಯಾವುದೂ ಬರಬಾರದು. ಮೂರು ಸಮಯಗಳು ಸಾಕು. "ಮುಂದಿನ ವಾರ ಯಾವಾಗಲಾದರೂ" ಎಂದು ಬರೆದರೆ ರಿಕ್ರೂಟರ್ ಹುಡುಕಾಟವನ್ನು ಮತ್ತೆ ಮೊದಲಿಂದ ಶುರುಮಾಡಬೇಕು.

ಪ್ಯಾನೆಲ್‌ನಲ್ಲಿ ಹೊರದೇಶದವರಿದ್ದರೆ ರಾತ್ರಿಯ ಹೊತ್ತಿಗೆ ಬೆಲೆ ಹೆಚ್ಚು. ನಮ್ಮ ರಾತ್ರಿ 7.30 ಎಂದರೆ ಚಳಿಗಾಲದ ಲಂಡನ್ನಿನಲ್ಲಿ ಮಧ್ಯಾಹ್ನ 2, ಬೇಸಿಗೆಯ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 10. ಭಾರತೀಯ ಸಮಯ ಎಂದು ಮೇಲ್‌ನಲ್ಲಿ ನಮೂದಿಸುವುದನ್ನು ಮರೆಯಬಾರದು.

ದಿನ ಬದಲಾಗದು ಎಂಬ ಉತ್ತರ ಬಂದರೂ ಒಂದು ದಾರಿ ಉಳಿದಿರುತ್ತದೆ. ಪ್ಯಾನೆಲನ್ನು ಎರಡಾಗಿ ಒಡೆಯಬಹುದೇ, ಊರಿಗೆ ಹೊರಟವರು ಬುಧವಾರ ರಾತ್ರಿ ವಿಡಿಯೊದಲ್ಲಿ ಅರ್ಧ ಗಂಟೆ ಮಾತಾಡಿ ಉಳಿದವರು ಶುಕ್ರವಾರ ಸಿಗಬಹುದೇ ಎಂದು ಕೇಳಬೇಕು. ಅದಕ್ಕೂ ಒಪ್ಪದಿದ್ದರೆ ಆ ಸುತ್ತನ್ನು ಬಿಡುವುದೇ ಸರಿ. ಜ್ವರದ ನೆಪ ಹೇಳಿ ಹೋದರೆ ಆಫೀಸಿನವರು ವೈದ್ಯರ ಸರ್ಟಿಫಿಕೇಟ್ ಕೇಳಬಹುದು. ಹೊಸ ಕೆಲಸ ಸಿಗುವ ಖಾತ್ರಿಯಿಲ್ಲದಾಗ ಇರುವ ಕೆಲಸದ ನಂಬಿಕೆಯನ್ನು ಪಣಕ್ಕಿಡುವುದು ತಪ್ಪು. ಆಫೀಸಿನ ಮೆಟ್ಟಿಲ ಮೇಲೋ ಪಾರ್ಕಿಂಗಿನಲ್ಲೋ ನಿಂತು ಕದ್ದುಮುಚ್ಚಿ ಪ್ಯಾನೆಲ್ ಎದುರಿಸುವುದೂ ಬೇಡ. ನಾಲ್ವರು ಒಬ್ಬರ ಮೇಲೊಬ್ಬರು ಕೇಳುವಾಗ ಕಡಿದುಹೋಗುವ ನೆಟ್‌ವರ್ಕ್, ಹಿಂದೆ ಓಡಾಡುವ ಸಹೋದ್ಯೋಗಿಗಳು ಉತ್ತರವನ್ನೇ ಕೆಡಿಸುತ್ತವೆ.

ಸಮಯ ಒಪ್ಪಿಗೆಯಾದ ಮೇಲೆ ಕ್ಯಾಲೆಂಡರ್ ಆಹ್ವಾನವನ್ನು ಸ್ವಂತ ಮೇಲ್‌ಗೇ ತರಿಸಿಕೊಳ್ಳಬೇಕು. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಸ್ವಂತ ಮೇಲ್ ತೆರೆದಿಟ್ಟರೆ, ಸ್ಕ್ರೀನ್ ಹಂಚಿಕೊಂಡ ಮೀಟಿಂಗಿನ ನಡುವೆ ಆ ಆಹ್ವಾನ ಎಲ್ಲರ ಕಣ್ಣೆದುರು ಮೂಡಬಹುದು. ಹೇಳಿದ ಗಡುವಿನೊಳಗೆ ಉತ್ತರ ಬಾರದಿದ್ದರೆ ಒಮ್ಮೆ ಫೋನ್ ಮಾಡಿ ವಿಚಾರಿಸುವುದರಲ್ಲಿ ತಪ್ಪಿಲ್ಲ. ಖಚಿತ ಮಾತು ಕೈಗೆ ಬರುವವರೆಗೆ ಶುಕ್ರವಾರದ ಅರ್ಧ ದಿನದ ರಜೆಗೆ ಅರ್ಜಿ ಹಾಕಬೇಡಿ.