ಎನ್‌ಎವಿಯೊಳಗೆ ಕಳೆದುಹೋಗುವ ಖರ್ಚು

ಫಂಡ್ ಒಂದೇ, ಮ್ಯಾನೇಜರ್ ಒಬ್ಬರೇ, ಕೊಂಡಿಟ್ಟ ಷೇರುಗಳೂ ಅವೇ. ಆದರೂ ಮ್ಯೂಚುವಲ್ ಫಂಡ್ ಪಟ್ಟಿಯಲ್ಲಿ ಅದರ ಹೆಸರು ಎರಡು ಸಲ ಇರುತ್ತದೆ: ಒಂದು ರೆಗ್ಯುಲರ್, ಇನ್ನೊಂದು ಡೈರೆಕ್ಟ್. ಡೈರೆಕ್ಟ್‌ನ ಎನ್‌ಎವಿ ಹೆಚ್ಚಿರುವುದನ್ನು ಕಂಡು, ರೆಗ್ಯುಲರ್ ಅಗ್ಗ, ಯುನಿಟ್ ಜಾಸ್ತಿ ಸಿಗುತ್ತದೆ ಎಂದುಕೊಳ್ಳುವವರು ಬಹಳ. ಅದು ತಪ್ಪು ಲೆಕ್ಕ.

ಫಂಡ್‌ನ ಒಟ್ಟು ಆಸ್ತಿಯಲ್ಲಿ ಸಾಲ, ಖರ್ಚು ಕಳೆದು, ಉಳಿದದ್ದನ್ನು ಯುನಿಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಎನ್‌ಎವಿ. ಹೂಡಿಕೆದಾರರ ಕೈಗೆ ಸಿಗುವುದು ಅದು ಶೇಕಡ ಎಷ್ಟು ಏರಿತು ಎನ್ನುವುದರ ಫಲ. 10 ರೂಪಾಯಿಯ ಯುನಿಟ್ಟೋ 100 ರೂಪಾಯಿಯದೋ ಎಂಬುದು ಮುಖ್ಯವಲ್ಲ.

ಆ ಕಳೆಯುವ ಖರ್ಚೇ ಎಕ್ಸ್‌ಪೆನ್ಸ್ ರೇಶಿಯೊ. ಇದಕ್ಕೆ ಬಿಲ್ ಬರುವುದಿಲ್ಲ, ಖಾತೆಯಿಂದ ಹಣ ಕಡಿತವಾದ ಮೆಸೇಜೂ ಬರುವುದಿಲ್ಲ. ಎನ್‌ಎವಿ ಪ್ರಕಟವಾಗುವ ಮೊದಲೇ ದಿನದಿನದ ಪಾಲು ಅದರಲ್ಲಿ ಕಳೆದಿರುತ್ತದೆ, ಮಾರುಕಟ್ಟೆ ಕುಸಿದ ದಿನವೂ. ರೆಗ್ಯುಲರ್‌ನಲ್ಲಿ ಏಜೆಂಟರ ಅಥವಾ ಬ್ಯಾಂಕಿನ ಕಮಿಷನ್ ಇದರೊಳಗೇ ಸೇರಿದೆ. ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್‌ಗಳು ಸೆಬಿ ನಿಯಮದಂತೆ 2013ರ ಜನವರಿಯಲ್ಲಿ ಶುರುವಾದವು. ಅಂದಿನಿಂದ ದಿನವೂ ಕಡಿಮೆ ಖರ್ಚು ಕಳೆಯುತ್ತ ಬಂದದ್ದರಿಂದಲೇ ಅವುಗಳ ಎನ್‌ಎವಿ ಮೇಲಿದೆ.

5 ಲಕ್ಷ ರೂಪಾಯಿ ಹೂಡಿದ್ದೀರಿ ಎನ್ನಿ. ಖರ್ಚು ರೆಗ್ಯುಲರ್‌ನಲ್ಲಿ ಶೇ. 1.8, ಡೈರೆಕ್ಟ್‌ನಲ್ಲಿ ಶೇ. 0.8. ಮೊದಲ ದಿನಗಳಲ್ಲಿ ದಿನಕ್ಕೆ ಸುಮಾರು 25 ರೂಪಾಯಿ ಹೋಗುವ ಕಡೆ 11 ರೂಪಾಯಿ ಹೋಗುತ್ತದೆ, ಅಷ್ಟೇ. ಆದರೆ ಖರ್ಚಿಗೆ ಮೊದಲು ಫಂಡ್ ವರ್ಷಕ್ಕೆ ಶೇ. 12 ಬೆಳೆದರೆ, 15 ವರ್ಷಕ್ಕೆ ಡೈರೆಕ್ಟ್‌ನಲ್ಲಿ ಸುಮಾರು 24.6 ಲಕ್ಷ, ರೆಗ್ಯುಲರ್‌ನಲ್ಲಿ 21.5 ಲಕ್ಷ. ಮೂರು ಲಕ್ಷಕ್ಕೂ ಮಿಕ್ಕ ವ್ಯತ್ಯಾಸ. ಮಾರುಕಟ್ಟೆ ಬಿದ್ದಾಗ ಗಾಬರಿಯಿಂದ ಮಾರದಂತೆ ತಡೆದು, ಮನೆಯ ಅಗತ್ಯ ನೋಡಿ ಸಲಹೆ ಕೊಡುವವರಿಗೆ ಈ ಹಣ ಸಲ್ಲಬಹುದು. ಫಾರಂ ತುಂಬಿಸಿಕೊಂಡು ಮತ್ತೆ ಮುಖ ತೋರಿಸದವರಿಗೆ ವರ್ಷವರ್ಷವೂ ಕೊಡುವುದು ಅನ್ಯಾಯವೆಂದೇ ನನ್ನ ಎಣಿಕೆ. ನಿಮ್ಮದು ಯಾವುದೆಂದು ತಿಳಿಯಲು ಸ್ಟೇಟ್‌ಮೆಂಟ್‌ನಲ್ಲಿ ಸ್ಕೀಮಿನ ಪೂರ್ತಿ ಹೆಸರು ಓದಿ. ‘ಡೈರೆಕ್ಟ್’ ಎಂದು ಇಲ್ಲದಿದ್ದರೆ ಸಾಮಾನ್ಯವಾಗಿ ಅದು ರೆಗ್ಯುಲರ್.

ಹಾಗೆಂದು ಇವತ್ತೇ ಎಲ್ಲವನ್ನೂ ಬದಲಾಯಿಸಬೇಡಿ. ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಹೋಗುವುದೆಂದರೆ ಲೆಕ್ಕದಲ್ಲಿ ಮಾರಿ ಮತ್ತೆ ಕೊಂಡಂತೆ. ಅನೇಕ ಈಕ್ವಿಟಿ ಫಂಡ್‌ಗಳಲ್ಲಿ ಒಂದು ವರ್ಷದೊಳಗೆ ತೆಗೆದರೆ ಶೇ. 1ರಷ್ಟು ಎಕ್ಸಿಟ್ ಲೋಡ್ ಬೀಳಬಹುದು; ಲಕ್ಷಕ್ಕೆ ಒಂದು ಸಾವಿರ. ಎಸ್‌ಐಪಿಯಲ್ಲಿ ಪ್ರತಿ ಕಂತಿಗೂ ಅದರದೇ ಒಂದು ವರ್ಷ ಎಣಿಸಬೇಕು. ಲಾಭದ ಮೇಲೆ ತೆರಿಗೆಯೂ ಬರುತ್ತದೆ. ಆದ್ದರಿಂದ ಹೊಸ ಕಂತುಗಳನ್ನು ಮೊದಲು ಡೈರೆಕ್ಟ್‌ನಲ್ಲಿ ಶುರುಮಾಡಿ, ಹಳೆಯ ಯುನಿಟ್‌ಗಳನ್ನು ವರ್ಷ ತುಂಬಿದಂತೆಲ್ಲ, ತೆರಿಗೆ ವಿನಾಯಿತಿಯ ಮಿತಿ ನೋಡಿಕೊಂಡು, ಸ್ವಲ್ಪ ಸ್ವಲ್ಪವೇ ಸಾಗಿಸುವುದು ಒಳ್ಳೆಯದು.