ಬಾರದ ದುಡ್ಡಿಗೆ ನಡೆದ ಜಗಳ

ಒಂದು ಪದವಿ ಕಾಲೇಜನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಾಲೇಜು ಹಬ್ಬಕ್ಕೆ ಇನ್ನು ಐದು ವಾರ. ಸೆಮಿನಾರ್ ಹಾಲಿನ ಎಡಗಡೆ ಡ್ಯಾನ್ಸ್ ಮತ್ತು ಬ್ಯಾಂಡಿನವರು, ಬಲಗಡೆ ನಾಟಕ, ಚರ್ಚಾಸ್ಪರ್ಧೆ, ವಿಜ್ಞಾನ ಮಾದರಿಯವರು. ಎಡಗಡೆಯವರಿಗೆ ಕೊನೆಯ ಸಂಜೆಗೆ ಸಿನಿಮಾ ಗಾಯಕರೊಬ್ಬರು ಬೇಕು. ಅದಕ್ಕೆ 3 ಲಕ್ಷ ರೂಪಾಯಿ. ಬಲಗಡೆಯವರು ಸ್ಪರ್ಧೆಗಳಿಗೆ ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಕಳೆದ ವರ್ಷದ ಬಹುಮಾನದ ಹಣ ಮೂರು ತಿಂಗಳು ತಡವಾಗಿ ಕೈಸೇರಿದ ಸಿಟ್ಟೂ ಅವರಲ್ಲಿದೆ.

ಕರ್ನಾಟಕದ ಬಹುತೇಕ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಕ್ಕೆ ನೇರ ಚುನಾವಣೆ ನಡೆದು ದಶಕಗಳೇ ಕಳೆದಿವೆ. ತರಗತಿ ಪ್ರತಿನಿಧಿಗಳ ಒಪ್ಪಿಗೆಯಿಂದಲೋ ಅಂಕಗಳ ಮೇಲೋ ಅಧ್ಯಕ್ಷೆಯಾದವಳಿಗೆ ಮತದ ಬಲವಿಲ್ಲ, ಚೆಕ್ಕಿಗೆ ಸಹಿ ಹಾಕುವ ಅಧಿಕಾರವೂ ಇಲ್ಲ. ಇರುವುದು ಮಾತೊಂದೇ.

‘ನಾವೆಲ್ಲ ಒಂದೇ’ ಎಂದು ಶುರುಮಾಡಿದ್ದರೆ ಹಿಂದಿನ ಬೆಂಚಿನಿಂದ ಕೂಗು ಬರುತ್ತಿತ್ತು. ಅವಳು ಹಾಗೆ ಮಾಡುವುದಿಲ್ಲ. “ಬಹುಮಾನ ಗೆದ್ದವರು ದುಡ್ಡಿಗಾಗಿ ಆಫೀಸಿಗೆ ಅಲೆದದ್ದು ನಿಜ. ದೊಡ್ಡ ಕಾರ್ಯಕ್ರಮ ಇಲ್ಲದಿದ್ದರೆ ಬೇರೆ ಕಾಲೇಜಿನವರು ಬರುವುದಿಲ್ಲ ಅನ್ನುವುದೂ ನಿಜ. ನಾನು ಹೇಳಿದ್ದು ಸರಿಯಿದೆಯಾ?” ಎರಡೂ ಕಡೆಯಿಂದ ‘ಹೌದು’ ಬರುವವರೆಗೆ ಕಾಯುತ್ತಾಳೆ. ಈ ಕಾಯುವಿಕೆಯೇ ಭಾಷಣದ ಅರ್ಧ ಕೆಲಸ. ತನ್ನ ದೂರು ಎದುರಿನವರ ಕಿವಿಗೂ ಬಿದ್ದಿತೆಂದು ಗೊತ್ತಾದವನು ಅದನ್ನೇ ಮತ್ತೆ ಕಿರುಚುವುದಿಲ್ಲ.

ಆಮೇಲೆ ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಬರೆಯುತ್ತಾಳೆ. ಕಾಲೇಜಿನ ನಿಧಿ 3 ಲಕ್ಷ. ಪ್ರಾಯೋಜಕರು ಒಪ್ಪಿದ್ದು 3 ಲಕ್ಷ, ಬ್ಯಾಂಕಿಗೆ ಬಂದದ್ದು 1 ಲಕ್ಷ 20 ಸಾವಿರ. ಕೈಯಲ್ಲಿರುವುದು ಒಟ್ಟು 4 ಲಕ್ಷ 20 ಸಾವಿರ. ಶಾಮಿಯಾನ, ಧ್ವನಿವರ್ಧಕ, ಜನರೇಟರ್, ಊಟಕ್ಕೆ 1 ಲಕ್ಷ 60 ಸಾವಿರ ಬೇಕೇ ಬೇಕು. ಉಳಿಯುವುದು 2 ಲಕ್ಷ 60 ಸಾವಿರ.

“ಈ ದುಡ್ಡಿಗೆ ಗಾಯಕರು ಪೂರ್ತಿ ಬರುವುದಿಲ್ಲ. ಅರ್ಧ ಮುಂಗಡ ಕೊಟ್ಟು, ಪ್ರಾಯೋಜಕರು ಕೈಕೊಟ್ಟರೆ ಆ ಒಂದೂವರೆ ಲಕ್ಷವೂ ಹೋಯಿತು. ನಾವು ಜಗಳ ಆಡುತ್ತಿರುವುದು ಇನ್ನೂ ಬಾರದ ದುಡ್ಡಿಗೆ.”

ಅಲ್ಲಿಗೆ ಪ್ರಶ್ನೆ ಎರಡಾಗಿ ಸೀಳುತ್ತದೆ. ಕೈಯಲ್ಲಿರುವುದನ್ನು ಇಂದೇ ಹಂಚುವುದು: ಸ್ಪರ್ಧೆಗಳಿಗೆ 1 ಲಕ್ಷ 10 ಸಾವಿರ, ಬಹುಮಾನದ ಹಣ ಮೊದಲೇ ತೆಗೆದಿಟ್ಟು. ಮಿಕ್ಕ ಒಂದೂವರೆ ಲಕ್ಷ ಕೊನೆಯ ಸಂಜೆಗೆ ಮೀಸಲು. ಪ್ರಾಯೋಜಕರ ಬಾಕಿ 1 ಲಕ್ಷ 80 ಸಾವಿರ ಎರಡು ವಾರದೊಳಗೆ ಖಾತೆಗೆ ಬಿದ್ದರೆ ಮಾತ್ರ ಗಾಯಕರಿಗೆ ಮುಂಗಡ. ಇಲ್ಲದಿದ್ದರೆ ಊರಿನ ಆರ್ಕೆಸ್ಟ್ರಾ.

“ಎರಡೇ ವಾರ ಯಾಕೆ?” ಬ್ಯಾಂಡಿನ ಹುಡುಗ ಕೇಳುತ್ತಾನೆ. “ಅದಕ್ಕಿಂತ ತಡವಾದರೆ ಆರ್ಕೆಸ್ಟ್ರಾದವರೂ ಸಿಗುವುದಿಲ್ಲ. ಯಾರೇ ಹಾಡಲಿ, ಆರು ಗಂಟೆಗೆ ಶುರುಮಾಡಬೇಕು. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ ಹತ್ತರ ನಂತರ ಬಯಲಲ್ಲಿ ಮೈಕ್ ಹಾಕುವ ಹಾಗಿಲ್ಲ.”

ಹುಡುಗ ಎದ್ದು ಬಂದು ಬೋರ್ಡಿನ ಫೋಟೊ ತೆಗೆದುಕೊಳ್ಳುತ್ತಾನೆ. ನಾಟಕದ ಹುಡುಗಿ ಅವನ ಪಕ್ಕ ನಿಂತು, ಬಾಕಿ ಉಳಿಸಿಕೊಂಡ ಪ್ರಾಯೋಜಕರ ಹೆಸರುಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾಳೆ.