ಈ ರಾಶಿಯಲ್ಲಿ ಯಾರ ಕಾಫಿ ಇದೆ?

ಆಡಿಟ್ ಎಂದರೆ ಹವಾನಿಯಂತ್ರಿತ ಕೋಣೆಯಲ್ಲಿ ಕೂತು ವೋಚರುಗಳಿಗೆ ಹಸಿರು ಶಾಯಿಯಲ್ಲಿ ಟಿಕ್ ಹಾಕುವ ಕೆಲಸ ಎಂದೇ ಬಹಳ ಜನ ತಿಳಿದಿದ್ದಾರೆ. ಆದರೆ ಒಳ್ಳೆಯ ಆಡಿಟರ್ ಟಿಕ್ ಹಾಕಲು ಕೂರುವ ಮೊದಲು ನಡೆಯುತ್ತಾನೆ. ಸರಕು ಯಾವ ಗೇಟಿನಿಂದ ಒಳಗೆ ಬಂತೋ ಅಲ್ಲಿ ನಿಂತು, ಅದರ ಬೆನ್ನು ಹಿಡಿದು, ಅದು ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಿಯಾಗುವವರೆಗೆ ಹೋಗುತ್ತಾನೆ. ಆಡಿಟರುಗಳ ಬಾಯಲ್ಲಿ ಇದರ ಹೆಸರು ‘ವಾಕ್‌ಥ್ರೂ’. ಒಂದೇ ಒಂದು ವ್ಯವಹಾರವನ್ನು ಆರಿಸಿಕೊಂಡು, ಅದು ಹುಟ್ಟಿದ ಕ್ಷಣದಿಂದ ಬ್ಯಾಲೆನ್ಸ್ ಶೀಟ್ ಸೇರುವವರೆಗೆ ಬಿಡದೆ ಹಿಂಬಾಲಿಸುವುದು.

ಇದು ಹೇಗೆ ನಡೆಯುತ್ತದೆ ಎಂದು ತಿಳಿಯಲು ಚಿಕ್ಕಮಗಳೂರು ಕಡೆಯ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ ಅನ್ನು ಕಲ್ಪಿಸಿಕೊಳ್ಳೋಣ. ಸಂಸ್ಥೆಯೂ ಅಂಕಿಗಳೂ ಉದಾಹರಣೆಗೆ ಮಾತ್ರ. ಆದರೆ ವ್ಯಾಪಾರದ ರೀತಿ ಕಾಫಿ ಸೀಮೆಯವರಿಗೆ ಚೆನ್ನಾಗಿ ಗೊತ್ತಿರುವುದೇ. ಕ್ಯೂರಿಂಗ್ ವರ್ಕ್ಸ್‌ಗೆ ಕಾಫಿ ಮೂರು ಬಗೆಯಲ್ಲಿ ಬರುತ್ತದೆ. ಕೆಲವು ಬೆಳೆಗಾರರು ಸಿಪ್ಪೆ ತೆಗೆಸಿ, ಗ್ರೇಡ್ ಮಾಡಿಸಿಕೊಂಡು ವಾಪಸ್ ಒಯ್ಯುತ್ತಾರೆ, ಕ್ಯೂರಿಂಗ್ ಕೂಲಿ ಕೊಡುತ್ತಾರೆ ಅಷ್ಟೆ. ಕೆಲವರು ಅಂದಿನ ದರಕ್ಕೆ ಮಾರಿ ದುಡ್ಡು ಪಡೆಯುತ್ತಾರೆ. ಇನ್ನು ಕೆಲವರು ಕಾಫಿಯನ್ನು ಇಳಿಸಿ ಹೋಗುತ್ತಾರೆ, ದರ ಏರಿದಾಗ ಫೋನ್ ಮಾಡಿ ‘ಇವತ್ತಿನ ರೇಟಿಗೆ ಫಿಕ್ಸ್ ಮಾಡಿ’ ಎನ್ನುತ್ತಾರೆ. ಕಷ್ಟವಿರುವುದು ಈ ಮೂರನೆಯ ಬಗೆಯಲ್ಲಿ.

ಮಾರ್ಚ್ ಎರಡನೇ ವಾರ ಆಡಿಟರ್ ತಂಡ ಬರುತ್ತದೆ. ಹಿರಿಯ ಸಿಎ ಜೊತೆಗೆ ಆರ್ಟಿಕಲ್‌ಶಿಪ್ ಮಾಡುತ್ತಿರುವ ಹುಡುಗಿ. ಅವಳು ಫೆಬ್ರುವರಿ 18ರಂದು ಬಂದ ಒಂದು ಲೋಡ್ ರೊಬಸ್ಟಾ ಚೆರ್ರಿಯನ್ನು ಆರಿಸಿಕೊಳ್ಳುತ್ತಾಳೆ. ಮೊದಲು ವೇಬ್ರಿಡ್ಜ್. ಲೋಡಿನ ಲಾರಿ 9,420 ಕಿಲೋ, ಖಾಲಿ ಲಾರಿ 4,360 ಕಿಲೋ, ಉಳಿದದ್ದು 5,060. ನೂರು ಗೋಣಿಚೀಲಕ್ಕೆ ತಲಾ 600 ಗ್ರಾಂ ಕಳೆದರೆ ನಿಖರವಾಗಿ 5,000 ಕಿಲೋ, ಅಂದರೆ 50 ಕಿಲೋ ಲೆಕ್ಕದ 100 ಮೂಟೆ. ತೂಕದ ಚೀಟಿಯನ್ನು ಯಂತ್ರವೇ ಮುದ್ರಿಸುತ್ತದೋ, ಕೈಯಲ್ಲಿ ಬರೆಯುತ್ತಾರೋ ಎಂದು ಅವಳು ನಿಂತು ನೋಡುತ್ತಾಳೆ. ಆ ಹೊತ್ತಿಗೆ ಬಂದ ಇನ್ನೊಂದು ಲಾರಿಯ ತೂಕ ಕಣ್ಣೆದುರೇ ಆಗುತ್ತದೆ. ಹೇಳಿದ್ದನ್ನು ಕೇಳಿ ಬರೆದುಕೊಳ್ಳುವುದಕ್ಕೂ ನಡೆಯುವುದನ್ನು ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಮುಂದಿನದು ಸ್ಯಾಂಪಲ್ ಮೇಜು. ತೇವಾಂಶ ಅಳೆದು, ಒಂದಿಷ್ಟು ಚೆರ್ರಿಯ ಸಿಪ್ಪೆ ತೆಗೆದು ತೂಗಿ ಔಟ್‌ಟರ್ನ್ ಹೇಳುತ್ತಾರೆ. 50 ಕಿಲೋ ಚೆರ್ರಿಯಿಂದ ಎಷ್ಟು ಕಿಲೋ ಕಾಫಿಬೀಜ ಬರುತ್ತದೆ ಎಂಬ ಅಂದಾಜು ಅದು. ಈ ಲೋಡಿಗೆ 26.5 ಎಂದು ಬರೆದಿದ್ದಾರೆ. ಅಂದರೆ ನೂರು ಮೂಟೆಯಿಂದ 2,650 ಕಿಲೋ ಬೀಜ. ಹುಡುಗಿ ಲೆಕ್ಕವನ್ನು ತಾನೇ ಇನ್ನೊಮ್ಮೆ ಹಾಕಿ ನೋಡುತ್ತಾಳೆ. ಇಲ್ಲಿಯವರೆಗೆ ಎಲ್ಲ ಸರಿಯಾಗಿದೆ.

ಗೋದಾಮಿನಲ್ಲಿ ಅವಳು ರೈಟರನ್ನು ಕೇಳುತ್ತಾಳೆ: “ಅಣ್ಣಾ, ಫೆಬ್ರುವರಿ 18ರ ಆ ನೂರು ಮೂಟೆ ಎಲ್ಲಿದೆ?”

“ಅದು ರಾಶಿಗೆ ಹೋಯ್ತಲ್ಲ ಮೇಡಂ. ಬೇರೆ ಇಡೋಕೆ ಜಾಗ ಎಲ್ಲಿದೆ? ಆ ರಾಶಿ ಮಿಷನ್ನಿಗೆ ಹಾಕಿ, ಐದನೇ ತಾರೀಖು ಲೋಡ್ ಆಗಿ ಹೋಯ್ತು.”

“ಆ ರಾಶಿಯಲ್ಲಿ ಯಾರ ಕಾಫಿ ಇತ್ತು?”

“ಎಲ್ಲರದ್ದೂ ಇತ್ತು. ಮಾರಿದವರದ್ದೂ ಇತ್ತು, ಇಟ್ಟು ಹೋದವರದ್ದೂ ಇತ್ತು.”

ಅವಳು ಕೈಯಲ್ಲಿರುವ ಚೀಟಿಯನ್ನು ಮತ್ತೆ ನೋಡುತ್ತಾಳೆ. ಮೂಲೆಯಲ್ಲಿ ಬಾಲ್‌ಪೆನ್ನಿನಲ್ಲಿ ‘ಠೇವಣಿ’ ಎಂದು ಬರೆದಿದೆ. ಕಾಫಿ ಮಾರಿ ಹೋಗಿದೆ, ಆದರೆ ಬೆಳೆಗಾರ ಇನ್ನೂ ದರ ಫಿಕ್ಸ್ ಮಾಡಿಲ್ಲ.

ಕೊನೆಯ ನಿಲುಗಡೆ ಆಫೀಸು. ಅಕೌಂಟೆಂಟ್ ಟ್ಯಾಲಿ ತೆರೆದು ತೋರಿಸುತ್ತಾರೆ. ಫೆಬ್ರುವರಿ 18, ಖರೀದಿ, 100 ಮೂಟೆ, ಮೂಟೆಗೆ 8,500 ರೂಪಾಯಿ, ಒಟ್ಟು 8,50,000. ಠೇವಣಿ ಎಂಬ ಮಾತೇ ಇಲ್ಲ. ಯಾಕೆ ಎಂದರೆ ಅವರ ಉತ್ತರ ಸರಳ: ಸ್ಟಾಕ್ ಒಳಗೆ ತೋರಿಸದಿದ್ದರೆ ಮಾರುವಾಗ ಬಿಲ್ ಮಾಡಲು ಬರುವುದಿಲ್ಲ, ಹಾಗಾಗಿ ಎಲ್ಲ ಲೋಡನ್ನೂ ಖರೀದಿ ಎಂದೇ ಹಾಕಿ, ಒಂದು ತಾತ್ಕಾಲಿಕ ದರ ಕೊಡುತ್ತೇವೆ. ಬೆಳೆಗಾರ ಫೋನ್ ಮಾಡಿದಾಗ ಯಜಮಾನರು ತಮ್ಮ ಡೈರಿಯಲ್ಲಿ ದರ ಬರೆದುಕೊಳ್ಳುತ್ತಾರೆ, ಆಮೇಲೆ ವ್ಯತ್ಯಾಸದ ಎಂಟ್ರಿ. ದರ ಫಿಕ್ಸ್ ಆಗದ ಲೋಡುಗಳ ಪಟ್ಟಿ ಇದೆಯೇ? ಬೇರೆ ಪಟ್ಟಿ ಇಲ್ಲ, ಯಜಮಾನರಿಗೆ ಎಲ್ಲ ನೆನಪಿರುತ್ತದೆ.

ಇಲ್ಲಿ ಯಾರೂ ಕಳ್ಳತನ ಮಾಡಿಲ್ಲ. ಅಕೌಂಟೆಂಟ್ ತಮಗೆ ಗೊತ್ತಿದ್ದ ಹಾಗೆ ಕೆಲಸ ಸಾಗಿಸಿದ್ದಾರೆ. ಆದರೂ ಲೆಕ್ಕ ದೊಡ್ಡ ಪ್ರಮಾಣದಲ್ಲಿ ತಪ್ಪಾಗುವ ಜಾಗ ಇದೇ. ಮಾರ್ಚ್ 31ರಂದು ಮಾರುಕಟ್ಟೆ ದರ ಮೂಟೆಗೆ 10,200 ಎಂದಿಟ್ಟುಕೊಳ್ಳೋಣ. ಕಾಫಿಯನ್ನು ಸಂಸ್ಥೆ ಆಗಲೇ ಮಾರಿಕೊಂಡಿದೆ, ಆ ಮಾರಾಟದ ಹಣ ಈ ವರ್ಷದ ಆದಾಯವಾಗಿದೆ. ಆದರೆ ಬೆಳೆಗಾರನಿಗೆ ಕೊಡಬೇಕಾದದ್ದು ಪುಸ್ತಕದಲ್ಲಿ 8.5 ಲಕ್ಷ ಎಂದಿದ್ದರೆ ನಿಜದಲ್ಲಿ 10.2 ಲಕ್ಷ. ಒಂದು ಲೋಡಿಗೆ 1.7 ಲಕ್ಷ ಸಾಲ ಕಡಿಮೆ ತೋರಿದೆ, ಲಾಭ ಅಷ್ಟೇ ಹೆಚ್ಚು ತೋರಿದೆ. ಇಂಥ 60 ಲೋಡ್ ಇದ್ದರೆ 1 ಕೋಟಿ 2 ಲಕ್ಷ. ಸಂಸ್ಥೆಯ ವರ್ಷದ ಲಾಭ 3 ಕೋಟಿ ಎಂದಾದರೆ ಅದರಲ್ಲಿ ಮೂರನೇ ಒಂದು ಪಾಲು ಬರೀ ಗಾಳಿ.

‘ಮೆಟೀರಿಯಲ್ ಮಿಸ್‌ಸ್ಟೇಟ್‌ಮೆಂಟ್’ ಎಂದು ಆಡಿಟರುಗಳು ಕರೆಯುವುದು ಇದನ್ನೇ. ಲೆಕ್ಕಪತ್ರ ನಂಬಿ ಸಾಲ ಕೊಡುವ ಬ್ಯಾಂಕಿನವರ ಅಥವಾ ಹಣ ಹೂಡುವವರ ತೀರ್ಮಾನವನ್ನೇ ಬದಲಿಸಬಲ್ಲಷ್ಟು ದೊಡ್ಡ ತಪ್ಪು. ಎಷ್ಟು ದೊಡ್ಡದು ಎಂಬುದಕ್ಕೆ ಕಾನೂನಿನಲ್ಲಿ ಒಂದೇ ಅಂಕಿ ಇಲ್ಲ. ತೆರಿಗೆಗೆ ಮುಂಚಿನ ಲಾಭದ ಶೇ 5 ಎಂಬ ರೂಢಿಯ ಅಳತೆಯಿಂದ ಹಲವರು ಶುರು ಮಾಡುತ್ತಾರೆ. ಇಲ್ಲಿ ಅದು 15 ಲಕ್ಷ. ಹಾಗೆ ನೋಡಿದರೆ ಒಂಬತ್ತು ಲೋಡ್ ಸಾಕು, ಗೆರೆ ದಾಟುತ್ತದೆ.

ಕಾಫಿ ಇನ್ನೂ ಮಾರದೆ ಗೋದಾಮಿನಲ್ಲೇ ಇದ್ದಿದ್ದರೆ ತಪ್ಪಿನ ರೂಪ ಬೇರೆ. ಬೆಳೆಗಾರ ಬೇಡವೆಂದರೆ ವಾಪಸ್ ಒಯ್ಯಬಹುದು ಎಂಬ ಒಪ್ಪಂದವಿದ್ದರೆ ಆ ದಾಸ್ತಾನು ಸಂಸ್ಥೆಯದ್ದೇ ಅಲ್ಲ. ಲಾಭ ಕೆಡುವುದಿಲ್ಲ, ಆದರೆ ಆಸ್ತಿಯೂ ಸಾಲವೂ ಎರಡೂ ಉಬ್ಬಿರುತ್ತವೆ. ಅದೇ ದಾಸ್ತಾನು ತೋರಿಸಿ ಬ್ಯಾಂಕಿನಿಂದ ದುಡಿಯುವ ಬಂಡವಾಳ ಎತ್ತಿದ್ದರೆ, ಪರರ ಕಾಫಿಯ ಮೇಲೆ ಸಾಲ ಪಡೆದಂತಾಯಿತು. ಮೂಟೆಗಳನ್ನು ಎಣಿಸಿದರೆ ಇದು ಗೊತ್ತಾಗುವುದಿಲ್ಲ. ಎಣಿಕೆ ಸರಿಯಾಗಿಯೇ ಇರುತ್ತದೆ. ಮೂಟೆ ಇದೆಯೇ ಎಂಬುದು ಒಂದು ಪ್ರಶ್ನೆ, ಯಾರದ್ದು ಎಂಬುದು ಇನ್ನೊಂದು.

ಭಾರತದಲ್ಲಿ ಈ ಕೆಲಸಕ್ಕೆ ಆಧಾರ ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯಾದ ಐಸಿಎಐ ಹೊರಡಿಸಿದ ಎಸ್‌ಎ 315 ಎಂಬ ಮಾನದಂಡ. ಸಂಸ್ಥೆಯನ್ನೂ ಅದು ನಡೆಯುವ ಪರಿಸರವನ್ನೂ ಅರಿತುಕೊಂಡು ತಪ್ಪಿನ ಅಪಾಯಗಳನ್ನು ಗುರುತಿಸಬೇಕು, ನಿಯಂತ್ರಣಗಳ ಬಗ್ಗೆ ಬರೀ ಬಾಯಿಮಾತಿನ ವಿಚಾರಣೆ ಸಾಲದು ಎಂದು ಅದು ಹೇಳುತ್ತದೆ. ಕೇಳುವುದು, ನೋಡುವುದು, ಕಾಗದ ಪರೀಕ್ಷಿಸುವುದು, ಲೆಕ್ಕವನ್ನು ತಾನೇ ಮತ್ತೆ ಮಾಡುವುದು, ಈ ನಾಲ್ಕೂ ಕೂಡಿದರೆ ವಾಕ್‌ಥ್ರೂ.

ಕೇಳುವ ರೀತಿಯಲ್ಲೇ ಅರ್ಧ ಕೆಲಸವಿದೆ. “ಚೀಟಿಯನ್ನು ಮೇಲಿನವರು ಪರಿಶೀಲಿಸುತ್ತಾರಾ?” ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. “ಹಿಂದಿನ ಸಲ ಚೀಟಿಯಲ್ಲಿ ತಪ್ಪು ಸಿಕ್ಕಾಗ ಏನು ಮಾಡಿದಿರಿ, ತೋರಿಸಿ” ಎಂದರೆ ನಿಜ ಹೊರಬರುತ್ತದೆ. ನೀವು ರಜೆ ಹೋದಾಗ ಈ ಕೆಲಸ ಯಾರು ಮಾಡುತ್ತಾರೆ? ಬರೆದದ್ದನ್ನು ಬದಲಿಸಿ ಎಂದು ಯಾರಾದರೂ ಹೇಳಿದ್ದುಂಟೇ? ಈ ಪ್ರಶ್ನೆಗಳನ್ನು ಮ್ಯಾನೇಜರಿಗೆ ಕೇಳಿ ಮುಗಿಸಬಾರದು. ಕೆಲಸ ಹೇಗೆ ನಡೆಯಬೇಕು ಎಂಬುದು ಮ್ಯಾನೇಜರಿಗೆ ಗೊತ್ತು, ಹೇಗೆ ನಡೆಯುತ್ತಿದೆ ಎಂಬುದು ರೈಟರಿಗೆ ಗೊತ್ತು. ಹೋದ ವರ್ಷದ ಟಿಪ್ಪಣಿಯಲ್ಲಿ ತಾರೀಖು ಮಾತ್ರ ಬದಲಿಸಿ ಫೈಲಿಗೆ ಹಾಕುವ ಆಡಿಟ್ ತಂಡ ರೈಟರನ್ನು ಮಾತಾಡಿಸುವುದೇ ಇಲ್ಲ. ಇದು ಈ ವೃತ್ತಿಯ ದೊಡ್ಡ ಲೋಪ.

ನಡೆದು ಬಂದ ಮೇಲೆ ಬರೆಯುವ ಮಾತಿನಲ್ಲೂ ಖಚಿತತೆ ಬೇಕು. ‘ದಾಸ್ತಾನಿನಲ್ಲಿ ಅಪಾಯ ಹೆಚ್ಚು’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ನಮ್ಮ ಹುಡುಗಿ ಬರೆದದ್ದು ಹೀಗೆ: ದರ ಫಿಕ್ಸ್ ಆಗದೆ ಮಾರಾಟವಾದ ಠೇವಣಿ ಕಾಫಿಗೆ ಬೆಳೆಗಾರರಿಗೆ ಕೊಡಬೇಕಾದ ಹಣ ಮಾರ್ಚ್ 31ರಂದು ಕಡಿಮೆ ತೋರಬಹುದು, ಏಕೆಂದರೆ ಟ್ಯಾಲಿಯಲ್ಲಿ ಠೇವಣಿ ಬೇರೆಯಾಗಿಲ್ಲ, ದರದ ದಾಖಲೆ ಯಜಮಾನರ ಡೈರಿಯೊಂದೇ. ಇಷ್ಟು ಬರೆದರೆ ಮುಂದಿನ ಪರೀಕ್ಷೆ ತಾನಾಗಿ ಹೊಳೆಯುತ್ತದೆ. ಇಡೀ ಸೀಸನ್ನಿನ ತೂಕದ ಚೀಟಿಗಳಲ್ಲಿ ‘ಠೇವಣಿ’ ಎಂದಿರುವವನ್ನೆಲ್ಲ ಹೊರತೆಗೆದು, ಡೈರಿಗೂ ಟ್ಯಾಲಿಗೂ ತಾಳೆ ನೋಡಿ, ಬೆಳೆಗಾರರಿಗೆ ಪತ್ರ ಬರೆದು ಕೇಳುವುದು.

ಈ ನಡಿಗೆಗೆ ಮಿತಿಯೂ ಇದೆ. ಒಂದು ಲೋಡನ್ನು ಹಿಂಬಾಲಿಸಿದರೆ ಒಂದು ಲೋಡಿನ ಕಥೆ ಗೊತ್ತಾಗುತ್ತದೆಯೇ ಹೊರತು ನಿಯಂತ್ರಣ ವರ್ಷವಿಡೀ ಕೆಲಸ ಮಾಡಿತೇ ಎಂಬುದಲ್ಲ. ಅದಕ್ಕೆ ಹಲವು ಮಾದರಿಗಳನ್ನು ಬೇರೆಯಾಗಿ ಪರೀಕ್ಷಿಸಬೇಕು. ಅದಕ್ಕಿಂತ ಗಂಭೀರವಾದದ್ದು, ರಾಜಮಾರ್ಗದಲ್ಲಿ ನಡೆದವರಿಗೆ ಹಿತ್ತಲ ಬಾಗಿಲು ಕಾಣುವುದಿಲ್ಲ.

ಸತ್ಯಂ ಕಂಪ್ಯೂಟರ್ಸ್ ಇದಕ್ಕೆ ನಮ್ಮ ದೇಶದ ಕಣ್ಣೆದುರಿನ ಸಾಕ್ಷಿ. 2009ರ ಜನವರಿ 7ರಂದು ಅಧ್ಯಕ್ಷ ಬಿ. ರಾಮಲಿಂಗರಾಜು, ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಪತ್ರ ಬರೆದರು. ಆ ಸಂಸ್ಥೆಯಲ್ಲಿ ಬಿಲ್ ಹುಟ್ಟಲು ಒಂದು ಕ್ರಮವಿತ್ತು. ಗ್ರಾಹಕನ ಆದೇಶ, ಯೋಜನೆಯ ಸಂಖ್ಯೆ, ಕೆಲಸಗಾರರ ಗಂಟೆಗಳ ಲೆಕ್ಕ, ಆಮೇಲೆ ಬಿಲ್. ನಿಜವಾದ ಬಿಲ್ಲೊಂದನ್ನು ಹಿಂಬಾಲಿಸಿದವರಿಗೆ ಎಲ್ಲವೂ ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು. ಸುಳ್ಳು ಬಿಲ್ಲುಗಳು ಆ ದಾರಿಯಲ್ಲಿ ಬರಲೇ ಇಲ್ಲ. ‘ಸೂಪರ್ ಯೂಸರ್’ ಎಂಬ ವಿಶೇಷ ಲಾಗಿನ್ ಬಳಸಿ ಬಿಲ್ಲಿಂಗ್ ತಂತ್ರಾಂಶಕ್ಕೆ ಸೇರಿಸಿ, ಉಳಿದವರ ಕಣ್ಣಿಗೆ ಬೀಳದಂತೆ ಮರೆಮಾಡಲಾಗಿತ್ತು. ಹೀಗೆ ಮರೆಮಾಡಿದ 7,561 ಬಿಲ್ಲುಗಳು ತನಿಖೆಯಲ್ಲಿ ಸಿಕ್ಕವು.

ಆದ್ದರಿಂದ ಅನುಭವಿ ಆಡಿಟರ್ ದಾರಿಯ ಕೊನೆಯಲ್ಲಿ ನಿಂತು ತಿರುಗಿ ನೋಡುತ್ತಾನೆ: ಈ ಅಂಕಿ ಇಲ್ಲಿಗೆ ಬರಲು ಬೇರೆ ದಾರಿ ಇದೆಯೇ? ಗೇಟಿನಿಂದ ಶುರುವಾಗದ ಎಂಟ್ರಿ ಯಾರು ಹಾಕಬಲ್ಲರು? ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹುಡುಗಿ ಮರುದಿನ ಮಾಡಿದ್ದು ಅದನ್ನೇ. ಟ್ಯಾಲಿಯ ಖರೀದಿಗಳ ಪಟ್ಟಿ ತೆಗೆದು, ತೂಕದ ಚೀಟಿಯ ಸಂಖ್ಯೆ ಇಲ್ಲದವನ್ನು ಮಾತ್ರ ಬೇರ್ಪಡಿಸಿ, ಒಂದೊಂದಕ್ಕೂ ಕಾರಣ ಕೇಳಿದಳು.

ಕಾಫಿಯನ್ನು ಠೇವಣಿ ಇಡುವ ಬೆಳೆಗಾರರಲ್ಲಿ ಒಂದು ಮಾತು. ಮೂಟೆ ಇಳಿಸಿದ ದಿನ ಚೀಟಿಯಲ್ಲಿ ಕ್ಯೂರಿಂಗ್, ಠೇವಣಿ, ಖರೀದಿ ಇವುಗಳಲ್ಲಿ ಯಾವುದೆಂದು ಬರೆಸಿಕೊಳ್ಳಿ. ದರ ಫಿಕ್ಸ್ ಮಾಡಿದ ದಿನ ಫೋನಿನಲ್ಲಿ ಮಾತ್ರ ಹೇಳದೆ ಒಂದು ಮೆಸೇಜಾದರೂ ಕಳಿಸಿ. ವರ್ಷಾಂತ್ಯದಲ್ಲಿ ‘ನಿಮ್ಮ ಎಷ್ಟು ಮೂಟೆ ಬಾಕಿ ಇದೆ, ತಿಳಿಸಿ’ ಎಂದು ಆಡಿಟರಿಂದ ಪತ್ರ ಬಂದರೆ ಅದನ್ನು ಮೂಲೆಗೆ ಹಾಕಬೇಡಿ, ನಿಮ್ಮ ಚೀಟಿ ನೋಡಿ ಉತ್ತರ ಬರೆಯಿರಿ.